ಸೀಕ್ರೆಟ್ ಫ್ರೇಸ್ ಯಾರಿಗೂ ಕೊಡದಿದ್ದರೂ ಕ್ರಿಪ್ಟೊ ವ್ಯಾಲೆಟ್ ಖಾಲಿಯಾಗುವುದು ಹೇಗೆ?

ವಾಟ್ಸಾಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಬಗೆಯ ಸಂದೇಶವನ್ನು ನೀವೂ ನೋಡಿರಬಹುದು. "ಹೊಸ ಟೋಕನ್ ಉಚಿತವಾಗಿ ಹಂಚುತ್ತಿದ್ದಾರೆ. ಕೆಳಗಿನ ಲಿಂಕ್ ತೆರೆದು ವ್ಯಾಲೆಟ್ ಕನೆಕ್ಟ್ ಮಾಡಿ, ಒಂದು ಸಹಿ ಹಾಕಿದರೆ ಸಾಕು. ಸೀಕ್ರೆಟ್ ಫ್ರೇಸ್ ಕೇಳುವುದಿಲ್ಲ, ಗ್ಯಾಸ್ ಫೀ ಕೂಡ ಇಲ್ಲ. ಹಾಗಾಗಿ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ."

ಇದರಲ್ಲಿ ಮೊದಲ ಎರಡು ಮಾತು ಬಹುಪಾಲು ನಿಜ. ಅಂಥ ತಾಣಗಳು ಸೀಕ್ರೆಟ್ ಫ್ರೇಸ್ ಕೇಳುವುದಿಲ್ಲ, ಎಷ್ಟೋ ಸಲ ಶುಲ್ಕವನ್ನೂ ಕೇಳುವುದಿಲ್ಲ. ಕೊನೆಯ ಮಾತು ಮಾತ್ರ ಸುಳ್ಳು. ವ್ಯಾಲೆಟ್‌ನಲ್ಲಿರುವ ಟೋಕನ್‌ಗಳನ್ನು ಕದಿಯಲು ಕಳ್ಳನಿಗೆ ನಿಮ್ಮ ಸೀಕ್ರೆಟ್ ಫ್ರೇಸ್ ಬೇಕಾಗಿಯೇ ಇಲ್ಲ, ನಿಮ್ಮ ಒಂದೇ ಒಂದು ಸಹಿ ಸಾಕು. "ಫ್ರೇಸ್ ಹೇಳದಿದ್ದರೆ ದುಡ್ಡು ಸೇಫ್" ಎಂದು ನಂಬಿದವರೇ ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಏಕೆಂದರೆ ಅವರು ಕಾಯುತ್ತಿರುವುದು ಮುಂಬಾಗಿಲನ್ನು, ಕಳ್ಳ ಬರುವುದು ಹಿತ್ತಲ ಕಡೆಯಿಂದ.

ಈ ಹಿತ್ತಲ ಬಾಗಿಲಿನ ಹೆಸರು ಟೋಕನ್ ಅಪ್ರೂವಲ್. ಇದು ದೋಷವಲ್ಲ, ವ್ಯವಸ್ಥೆಯೊಳಗೇ ಬೇಕೆಂದು ಇಟ್ಟಿರುವ ಸೌಲಭ್ಯ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ತಿಳಿದರೆ ಮುಂದಿನದೆಲ್ಲ ತಾನೇ ಅರ್ಥವಾಗುತ್ತದೆ. ಇಲ್ಲಿ ನಾವು ಎಥೀರಿಯಂ ಬ್ಲಾಕ್‌ಚೈನನ್ನು ಮುಂದಿಟ್ಟುಕೊಂಡು ವಿವರಿಸುತ್ತೇವೆ. ಅದೇ ಮಾದರಿಯಲ್ಲಿ ನಡೆಯುವ ಪಾಲಿಗಾನ್, ಬಿಎನ್‌ಬಿ ಚೈನ್, ಟ್ರಾನ್‌ಗಳಲ್ಲೂ ಮೂಲ ಕಥೆ ಇದೇ.

ನಿಮ್ಮ ಟೋಕನ್ ನಿಮ್ಮ ಫೋನಿನಲ್ಲಿಲ್ಲ

ವ್ಯಾಲೆಟ್ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಜೇಬಿನ ಪರ್ಸಿನಲ್ಲಿ ನೋಟು ಇರುವಂತೆ ವ್ಯಾಲೆಟ್ ಆ್ಯಪ್‌ನಲ್ಲಿ ಟೋಕನ್ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಯುಎಸ್‌ಡಿಸಿ, ಯುಎಸ್‌ಡಿಟಿ ಮುಂತಾದ ಪ್ರತಿಯೊಂದು ಟೋಕನ್ನಿಗೂ ಬ್ಲಾಕ್‌ಚೈನಿನಲ್ಲಿ ತನ್ನದೇ ಆದ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದನ್ನೇ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ಅದನ್ನು ಅಂಗಡಿಯ ಲೆಕ್ಕದ ಪುಸ್ತಕ ಎಂದುಕೊಳ್ಳಿ. ಯಾವ ವಿಳಾಸದ ಹೆಸರಿನಲ್ಲಿ ಎಷ್ಟು ಟೋಕನ್ ಇದೆ ಎಂಬುದು ಆ ಪುಸ್ತಕದಲ್ಲಿ ಬರೆದಿರುತ್ತದೆ. ನಿಮ್ಮ ಫೋನಿನಲ್ಲಿರುವುದು ಆ ಪುಸ್ತಕಕ್ಕೆ "ಇದು ನಾನೇ ಹೇಳುತ್ತಿರುವುದು" ಎಂದು ಸಹಿ ಹಾಕಿ ಕಳಿಸುವ ಕೀಲಿ ಮಾತ್ರ.

ಆ ಪುಸ್ತಕದಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದು ಯಾರ ಬಳಿ ಎಷ್ಟಿದೆ ಎಂಬುದು. ಎರಡನೆಯದರ ಬಗ್ಗೆ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ: ಯಾರ ಟೋಕನ್ನನ್ನು ಬೇರೆ ಯಾರು, ಎಷ್ಟರವರೆಗೆ ತೆಗೆದುಕೊಳ್ಳಬಹುದು ಎಂಬುದು. 2015ರಲ್ಲಿ ಫೇಬಿಯನ್ ಫೋಗಲ್‌ಸ್ಟೆಲರ್ ಮತ್ತು ವಿಟಾಲಿಕ್ ಬ್ಯುಟೆರಿನ್ ಮುಂದಿಟ್ಟ ಇಆರ್‌ಸಿ-20 ಎಂಬ ಮಾದರಿಯಲ್ಲೇ ಈ ಎರಡನೇ ಪಟ್ಟಿ ಇತ್ತು. ಅದನ್ನು ಬರೆಯಲು ಮತ್ತು ಬಳಸಲು ಎರಡು ಆದೇಶಗಳಿವೆ:

```
approve(spender, amount)
transferFrom(from, to, amount)
```

ಮೊದಲನೆಯದು ನೀವು ಕೊಡುವ ಅನುಮತಿ. spender ಎಂದರೆ ಯಾರಿಗೆ ಅನುಮತಿ ಕೊಡುತ್ತಿದ್ದೀರಿ, amount ಎಂದರೆ ಎಷ್ಟರವರೆಗೆ. ಎರಡನೆಯದು ಆ ಅನುಮತಿ ಪಡೆದವರು ನಡೆಸುವ ಆದೇಶ. from ಎಂಬಲ್ಲಿ ನಿಮ್ಮ ವಿಳಾಸ, to ಎಂಬಲ್ಲಿ ಅವರಿಗೆ ಬೇಕಾದ ಯಾವುದೇ ವಿಳಾಸ. ಈ ಎರಡನೇ ಹಂತದಲ್ಲಿ ನಿಮ್ಮನ್ನು ಯಾರೂ ಕೇಳುವುದಿಲ್ಲ. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದ್ದರೂ, ನೀವು ನಿದ್ದೆಯಲ್ಲಿದ್ದರೂ ಅದು ನಡೆಯುತ್ತದೆ.

ಇಂಥದ್ದನ್ನು ಯಾಕೆ ಇಟ್ಟರು ಎಂದು ಕೇಳಬಹುದು. ಒಂದು ಟೋಕನ್ ಕೊಟ್ಟು ಇನ್ನೊಂದನ್ನು ಪಡೆಯುವ ಯೂನಿಸ್ವಾಪ್‌ನಂಥ ವಿನಿಮಯ ತಾಣವನ್ನು ತೆಗೆದುಕೊಳ್ಳಿ. ಅಲ್ಲಿ ಮಧ್ಯೆ ಮನುಷ್ಯರಿಲ್ಲ, ಇನ್ನೊಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಇದೆ. ನಿಮ್ಮ ಟೋಕನ್ ತೆಗೆದುಕೊಳ್ಳುವುದು, ಬದಲಿಗೆ ಬೇರೆಯದನ್ನು ಕೊಡುವುದು, ಇವೆರಡನ್ನೂ ಅದು ಒಂದೇ ಏಟಿಗೆ ಮಾಡಬೇಕು. ಅದಕ್ಕೆ ನಿಮ್ಮ ಖಾತೆಯಿಂದ ತಾನೇ ಎಳೆದುಕೊಳ್ಳುವ ಹಕ್ಕು ಬೇಕು. ನಮ್ಮಲ್ಲಿ ಯುಪಿಐ ಆಟೋಪೇ ಮ್ಯಾಂಡೇಟ್ ಹಾಕಿದರೆ ಪ್ರತಿ ತಿಂಗಳು ಕಂಪನಿಯೇ ಹಣ ಎಳೆದುಕೊಳ್ಳುತ್ತದಲ್ಲ, ಹಾಗೆ.

ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಆಟೋಪೇಗೆ ಮೊತ್ತದ ಮಿತಿ ಇದೆ, ಅವಧಿ ಇದೆ, ದೂರು ಕೇಳಲು ಬ್ಯಾಂಕ್ ಇದೆ. ಟೋಕನ್ ಅಪ್ರೂವಲ್‌ಗೆ ಅವಧಿಯೇ ಇಲ್ಲ. ನೀವಾಗಿ ತೆಗೆಯುವವರೆಗೆ ಅದು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಮೊತ್ತದ ಮಿತಿ ಎಂಬುದು ಹೆಸರಿಗೆ ಇದೆ, ಆದರೆ ಅನೇಕ ತಾಣಗಳು ಕೇಳುವುದು ಆ ಅಂಕಣದಲ್ಲಿ ಬರೆಯಲು ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆಯನ್ನು. ಅದು 78 ಅಂಕಿಗಳ ಸಂಖ್ಯೆ, 1157920892 ಎಂದು ಶುರುವಾಗುತ್ತದೆ. ಜಗತ್ತಿನಲ್ಲಿ ಅಷ್ಟು ಟೋಕನ್‌ಗಳೇ ಇಲ್ಲ. ಹಾಗಾಗಿ ಅದರ ಅರ್ಥ "ಈಗಿರುವುದು, ಮುಂದೆ ಬರುವುದು, ಎಲ್ಲ". ವ್ಯಾಲೆಟ್‌ಗಳು ಇದನ್ನೇ Unlimited ಎಂದು ತೋರಿಸುತ್ತವೆ.

ಒಳ್ಳೆಯ ತಾಣಗಳೂ ಹೀಗೆ ಕೇಳುವುದಕ್ಕೆ ಕಾರಣವಿದೆ. ಪ್ರತಿ ಅಪ್ರೂವಲ್ಲಿಗೂ ಗ್ಯಾಸ್ ಶುಲ್ಕ ಬೀಳುತ್ತದೆ. ಪ್ರತಿ ಸಲ ಕೇಳುವ ಬದಲು ಒಮ್ಮೆಗೇ ಅಪರಿಮಿತ ಅನುಮತಿ ಪಡೆದರೆ ಗ್ರಾಹಕನಿಗೆ ಖರ್ಚು ಕಡಿಮೆ, ತೊಂದರೆ ಕಡಿಮೆ. ಆದರೆ ಈ ಅಭ್ಯಾಸದಿಂದಾಗಿ Unlimited ಎಂಬ ಪದ ಕಂಡರೆ ಬೆಚ್ಚಿಬೀಳಬೇಕಾದ ಜನ ಕಣ್ಣುಮುಚ್ಚಿ ಒತ್ತುವುದನ್ನು ಕಲಿತರು. ಇದು ಉದ್ಯಮವೇ ಮಾಡಿಕೊಂಡ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಒಂದು ಸಹಿಯ ಕಥೆ

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುವ ರೇಖಾ ಎಂಬುವವರಿದ್ದಾರೆ ಎಂದುಕೊಳ್ಳಿ. ವಿದೇಶದ ಗ್ರಾಹಕರೊಬ್ಬರು ಅವರಿಗೆ ಯುಎಸ್‌ಡಿಸಿಯಲ್ಲಿ ಸಂಬಳ ಕೊಡುತ್ತಾರೆ. ಅವರ ವ್ಯಾಲೆಟ್‌ನಲ್ಲಿ 1,240 ಯುಎಸ್‌ಡಿಸಿ ಇದೆ. ಒಂದು ಯುಎಸ್‌ಡಿಸಿ ಎಂದರೆ ಒಂದು ಡಾಲರ್, ಹಾಗಾಗಿ ಇದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು. ಜೊತೆಗೆ ಶುಲ್ಕಕ್ಕೆಂದು ಸ್ವಲ್ಪ ಈಥರ್ ಇದೆ.

ರೇಖಾ ಗುಂಪಿನಲ್ಲಿ ಬಂದ ಲಿಂಕ್ ಒತ್ತುತ್ತಾರೆ. ತಾಣ ಅಚ್ಚುಕಟ್ಟಾಗಿದೆ, ಹೆಸರಾಂತ ಯೋಜನೆಯೊಂದರ ಲೋಗೊ ಇದೆ. ವ್ಯಾಲೆಟ್ ಕನೆಕ್ಟ್ ಮಾಡುತ್ತಾರೆ. ಈ ಹಂತದಲ್ಲಿ ಏನೂ ಕಳೆದುಹೋಗಿಲ್ಲ. ಕನೆಕ್ಟ್ ಮಾಡಿದರೆ ತಾಣಕ್ಕೆ ಸಿಗುವುದು ನಿಮ್ಮ ವಿಳಾಸ ಮಾತ್ರ. ಆದರೆ ಬ್ಲಾಕ್‌ಚೈನಿನ ಲೆಕ್ಕ ಎಲ್ಲರಿಗೂ ತೆರೆದಿರುವುದರಿಂದ, ಆ ವಿಳಾಸದಲ್ಲಿ ಯಾವ್ಯಾವ ಟೋಕನ್ ಎಷ್ಟೆಷ್ಟಿದೆ ಎಂದು ತಾಣದ ಹಿಂದಿನ ಪ್ರೋಗ್ರಾಂ ಕ್ಷಣದಲ್ಲಿ ನೋಡಿಬಿಡುತ್ತದೆ. ಇಂಥ ಪ್ರೋಗ್ರಾಂಗಳಿಗೆ ಡ್ರೈನರ್ ಎಂದು ಹೆಸರು. ಅವುಗಳನ್ನು ಬರೆದವರು ಒಬ್ಬರು, ಬಾಡಿಗೆಗೆ ಪಡೆದು ಬಳಸುವವರು ಇನ್ನೊಬ್ಬರು. ಕದ್ದದ್ದರಲ್ಲಿ ಪಾಲು ಹಂಚಿಕೊಳ್ಳುತ್ತಾರೆ. ಡ್ರೈನರ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದನ್ನು ಆರಿಸುತ್ತದೆ. ಇಲ್ಲಿ ಅದು ಯುಎಸ್‌ಡಿಸಿ.

ಈಗ ರೇಖಾ "ಕ್ಲೇಮ್" ಗುಂಡಿ ಒತ್ತುತ್ತಾರೆ. ವ್ಯಾಲೆಟ್‌ನಲ್ಲಿ ಒಂದು ಸಹಿ ಕೋರಿಕೆ ಮೇಲೆದ್ದು ಬರುತ್ತದೆ. ಹಣ ಕಳಿಸುವ ಮಾತಿಲ್ಲ, ಶುಲ್ಕ ಎಂಬ ಸಾಲೇ ಇಲ್ಲ. ತಾಣಕ್ಕೆ ಲಾಗಿನ್ ಆಗಲು ಹಾಕುವ ಸಹಿಯಂತೆಯೇ ಕಾಣುತ್ತದೆ. ಸ್ವಲ್ಪ ಕೆಳಗೆ ಸರಿಸಿ ನೋಡಿದರೆ ಹೀಗಿರುತ್ತದೆ:

```
Permit
owner:    0x52b1...c07e
spender:  0x7a3c...91e4
value:    1240000000
nonce:    0
deadline: 1893456000
```

ಇದು 78 ಅಂಕಿಯ ದೊಡ್ಡ ಸಂಖ್ಯೆಯೂ ಅಲ್ಲ, ಆದರೂ ಅಷ್ಟೇ ಅಪಾಯಕಾರಿ. ಒಂದೊಂದು ಸಾಲನ್ನೂ ಓದೋಣ. owner ರೇಖಾ ಅವರದೇ ವಿಳಾಸ. spender ಯಾರೋ ಅಪರಿಚಿತರ ವಿಳಾಸ. value ಎಂಬಲ್ಲಿ 124 ಕೋಟಿ ಎಂದು ಕಂಡರೂ, ಯುಎಸ್‌ಡಿಸಿಯ ಲೆಕ್ಕದಲ್ಲಿ ಕೊನೆಯ ಆರು ಅಂಕಿ ದಶಮಾಂಶದ ಬಲಕ್ಕೆ ಹೋಗುತ್ತವೆ. ಅಂದರೆ ಸರಿಯಾಗಿ 1,240, ಅವರ ಬಳಿ ಇರುವ ಅಷ್ಟೂ. nonce ಎಂಬುದು ಸಹಿಯ ಕ್ರಮಸಂಖ್ಯೆ, ಒಂದೇ ಸಹಿಯನ್ನು ಎರಡು ಸಲ ಬಳಸದಂತೆ ತಡೆಯಲು ಇರುವುದು. deadline ಎಂಬುದು ಸಹಿ ಎಲ್ಲಿಯವರೆಗೆ ಚಾಲ್ತಿ ಎಂಬ ಸಮಯ, 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಇಲ್ಲಿರುವ ಸಂಖ್ಯೆಯನ್ನು ದಿನಾಂಕಕ್ಕೆ ಬದಲಿಸಿದರೆ 2030ರ ಜನವರಿ 1. ಲಾಗಿನ್ ಆಗಲು ಹಾಕುವ ಸಹಿಯಲ್ಲಿ spender, value ಎಂಬ ಸಾಲುಗಳು ಇರಲು ಕಾರಣವೇ ಇಲ್ಲ.

ರೇಖಾ ಸಹಿ ಹಾಕುತ್ತಾರೆ. ಪರದೆಯಲ್ಲಿ "ನಿಮ್ಮ ಟೋಕನ್ 24 ಗಂಟೆಯಲ್ಲಿ ಬರುತ್ತದೆ" ಎಂಬ ಸಂದೇಶ ಕಾಣುತ್ತದೆ. ವ್ಯಾಲೆಟ್‌ನಲ್ಲಿ ಇನ್ನೂ 1,240 ಹಾಗೇ ಇದೆ.

ಅತ್ತ ಆ ಸಹಿ ಡ್ರೈನರ್‌ನ ಕೈಸೇರಿದೆ. ಅದನ್ನು ಕಳ್ಳನೇ ಯುಎಸ್‌ಡಿಸಿಯ ಪುಸ್ತಕಕ್ಕೆ ಒಪ್ಪಿಸುತ್ತಾನೆ, ಗ್ಯಾಸ್ ಶುಲ್ಕವನ್ನೂ ಅವನೇ ಕಟ್ಟುತ್ತಾನೆ. ಫಾರ್ವರ್ಡ್‌ನಲ್ಲಿ ಗ್ಯಾಸ್ ಫೀ ಇಲ್ಲ ಎಂದು ಹೇಳಿದ್ದು ಈ ಅರ್ಥದಲ್ಲಿ. ಪುಸ್ತಕ ಸಹಿಯನ್ನು ಪರೀಕ್ಷಿಸುತ್ತದೆ. ಸಹಿ ರೇಖಾ ಅವರದೇ, ಅವಧಿ ಮುಗಿದಿಲ್ಲ, ಕ್ರಮಸಂಖ್ಯೆ ಸರಿ. ಎರಡನೇ ಪಟ್ಟಿಯಲ್ಲಿ ಅನುಮತಿ ದಾಖಲಾಗುತ್ತದೆ. ಅದೇ ವ್ಯವಹಾರದ ಒಳಗೆ transferFrom ಕೂಡ ನಡೆದು 1,240 ಯುಎಸ್‌ಡಿಸಿ ಬೇರೆ ವಿಳಾಸಕ್ಕೆ ಹೋಗುತ್ತದೆ. ಎಥೀರಿಯಂನಲ್ಲಿ ಸುಮಾರು 12 ಸೆಕೆಂಡಿಗೊಂದು ಬ್ಲಾಕ್ ಸೇರುತ್ತದೆ. ಕಳ್ಳನಿಗೆ ಅಷ್ಟು ಸಮಯ ಸಾಕು.

ಗ್ಯಾಸ್ ಇಲ್ಲದ ಈ ಅನುಮತಿಗೆ ಪರ್ಮಿಟ್ ಎಂದು ಹೆಸರು, ಇಆರ್‌ಸಿ-2612 ಎಂಬ ಮಾದರಿಯಲ್ಲಿ ಬಂದದ್ದು. ಇದನ್ನು ತಂದದ್ದೂ ಗ್ರಾಹಕರಿಗೆ ಅನುಕೂಲವಾಗಲಿ ಎಂದೇ. ಯುಎಸ್‌ಡಿಸಿ ಇದಕ್ಕೆ ಒಪ್ಪುತ್ತದೆ. ಎಥೀರಿಯಂನಲ್ಲಿರುವ ಯುಎಸ್‌ಡಿಟಿ ನೇರವಾಗಿ ಒಪ್ಪುವುದಿಲ್ಲ. "ಹಾಗಾದರೆ ಯುಎಸ್‌ಡಿಟಿ ಇಟ್ಟುಕೊಂಡರೆ ಚಿಂತೆಯಿಲ್ಲ" ಎಂದುಕೊಳ್ಳಬೇಡಿ. ಯೂನಿಸ್ವಾಪ್ 2022ರ ಕೊನೆಯಲ್ಲಿ Permit2 ಎಂಬ ಕಾಂಟ್ರ್ಯಾಕ್ಟ್ ತಂದಿತು. ಒಮ್ಮೆ ಅದಕ್ಕೆ ನೀವು ಯುಎಸ್‌ಡಿಟಿಯ ಅಪ್ರೂವಲ್ ಕೊಟ್ಟಿದ್ದರೆ, ಆಮೇಲೆ ಬರೀ ಸಹಿಯ ಮೂಲಕ ಯಾರಿಗೆ ಬೇಕಾದರೂ ಅದನ್ನು ತೆಗೆದುಕೊಳ್ಳಲು ಬಿಡಬಹುದು. ಅನುಕೂಲ ಬಂದ ದಾರಿಯಲ್ಲೇ ಕಳ್ಳನೂ ಬಂದ.

ಒಂದು ವೇಳೆ ರೇಖಾ ಸಹಿಯನ್ನು ನಿರಾಕರಿಸಿದ್ದರೆ? ಡ್ರೈನರ್ ಸುಮ್ಮನಾಗುವುದಿಲ್ಲ, ಅದೇ ಕೋರಿಕೆಯನ್ನು ಮತ್ತೆ ಮತ್ತೆ ಮುಂದಿಡುತ್ತದೆ, ಅಥವಾ ಪಟ್ಟಿಯ ಮುಂದಿನ ಟೋಕನ್ನಿಗೆ ಬದಲಿಸುತ್ತದೆ. ನಿರಾಕರಿಸಿದ ಮೇಲೂ ಪೆಟ್ಟಿಗೆ ಪದೇಪದೇ ಮೇಲೆದ್ದು ಬಂದರೆ ತಾಣವನ್ನೇ ಮುಚ್ಚಿಬಿಡುವುದು ಕ್ಷೇಮ.

ತಾಣ ಅಸಲಿಯೇ ಆಗಿದ್ದರೂ: ಬ್ಯಾಜರ್‌ಡಾವೋ ಪ್ರಕರಣ

"ನಾವು ಗೊತ್ತಿಲ್ಲದ ಲಿಂಕ್ ಒತ್ತುವುದಿಲ್ಲ, ವಿಳಾಸ ನಾವೇ ಟೈಪ್ ಮಾಡುತ್ತೇವೆ" ಎನ್ನುವವರಿಗಾಗಿ 2021ರ ಒಂದು ಘಟನೆ.

ಬ್ಯಾಜರ್‌ಡಾವೋ ಎಂಬುದು ಬಿಟ್‌ಕಾಯಿನ್ ಆಧಾರಿತ ಟೋಕನ್‌ಗಳನ್ನು ಇಟ್ಟು ಬಡ್ಡಿಯಂಥ ಲಾಭ ಗಳಿಸುವ ಒಂದು ಸೇವೆಯಾಗಿತ್ತು. ಅದರ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳಲ್ಲಿ ದೋಷವಿರಲಿಲ್ಲ. ದಾಳಿಕೋರರು ಅದನ್ನು ಮುಟ್ಟಲೇ ಇಲ್ಲ. ಅವರು ಹಿಡಿದದ್ದು ವೆಬ್‌ಸೈಟನ್ನು. ತಾಣವನ್ನು ಬಳಕೆದಾರರಿಗೆ ತಲುಪಿಸಲು ಬಳಸುತ್ತಿದ್ದ ಕ್ಲೌಡ್‌ಫ್ಲೇರ್ ಸೇವೆಯ ಒಂದು ಎಪಿಐ ಕೀಲಿಯನ್ನು ದಕ್ಕಿಸಿಕೊಂಡು, ನವೆಂಬರ್ ತಿಂಗಳಲ್ಲಿ ಅಸಲಿ ಪುಟದೊಳಗೇ ತಮ್ಮದೊಂದು ಪುಟ್ಟ ಸ್ಕ್ರಿಪ್ಟ್ ಸೇರಿಸಿದರು. ವಿಳಾಸ ಪಟ್ಟಿಯಲ್ಲಿ ಸರಿಯಾದ ಹೆಸರೇ ಇತ್ತು, ಬೀಗದ ಚಿಹ್ನೆಯೂ ಇತ್ತು.

ಬಳಕೆದಾರ ಎಂದಿನಂತೆ ಹಣ ಇಡಲೋ ತೆಗೆಯಲೋ ಗುಂಡಿ ಒತ್ತಿದಾಗ ಆ ಸ್ಕ್ರಿಪ್ಟ್ ಮಧ್ಯೆ ಇನ್ನೊಂದು ಅನುಮತಿ ಕೋರಿಕೆಯನ್ನು ತೂರಿಸುತ್ತಿತ್ತು. ಅದರಲ್ಲಿ spender ಬ್ಯಾಜರ್‌ನ ಕಾಂಟ್ರ್ಯಾಕ್ಟ್ ಆಗಿರದೆ ದಾಳಿಕೋರರ ವಿಳಾಸವಾಗಿತ್ತು. ಯಾರಿಗೂ ಅನುಮಾನ ಬರಬಾರದೆಂದು ಸ್ಕ್ರಿಪ್ಟನ್ನು ಆಗಾಗ ಹಾಕಿ ತೆಗೆಯುತ್ತಿದ್ದರು. ಹೆಚ್ಚು ಹಣವಿರುವ ವ್ಯಾಲೆಟ್‌ಗಳಿಗೆ ಮಾತ್ರ ಅದು ಕಾಣುತ್ತಿತ್ತು. ತಂಡದ ಮುಖ್ಯಸ್ಥರ ವ್ಯಾಲೆಟ್‌ಗಳಿಗೆ ಕಾಣಿಸುತ್ತಿರಲಿಲ್ಲ.

ಅನುಮತಿ ಸಿಕ್ಕ ಕೂಡಲೇ ಅವರು ಹಣ ತೆಗೆಯಲಿಲ್ಲ. ಇಲ್ಲೇ ಇರುವುದು ಗಮನಿಸಬೇಕಾದ ಅಂಶ. ಅನುಮತಿಗೆ ಅವಧಿಯಿಲ್ಲವಲ್ಲ, ಅವಸರವೇನು? ಒಂದೊಂದಾಗಿ ಕದ್ದರೆ ಮೊದಲನೆಯವನೇ ಕೂಗಿಕೊಳ್ಳುತ್ತಾನೆ. ಹಾಗಾಗಿ ದಿನಗಟ್ಟಲೆ ಅನುಮತಿಗಳನ್ನು ಸುಮ್ಮನೆ ಕೂಡಿಸುತ್ತ ಹೋದರು. ಡಿಸೆಂಬರ್ 2ರಂದು ಒಮ್ಮೆಗೇ transferFrom ನಡೆಸಲು ಶುರುಮಾಡಿದರು. ತಂಡ ಎಚ್ಚೆತ್ತು ಕಾಂಟ್ರ್ಯಾಕ್ಟ್‌ಗಳನ್ನು ನಿಲ್ಲಿಸುವ ಹೊತ್ತಿಗೆ ಕೆಲವು ಗಂಟೆಗಳಾಗಿದ್ದವು. ಹೋದದ್ದು ಸುಮಾರು 12 ಕೋಟಿ ಡಾಲರ್. ಅದರಲ್ಲಿ ಒಂದೇ ಖಾತೆಯಿಂದ ಹೋದದ್ದು ಸುಮಾರು 900 ಬಿಟ್‌ಕಾಯಿನ್ ಬೆಲೆಯ ಟೋಕನ್.

ಆ ಬಳಕೆದಾರರು ಸೀಕ್ರೆಟ್ ಫ್ರೇಸ್ ಯಾರಿಗೂ ಹೇಳಿರಲಿಲ್ಲ. ನಕಲಿ ತಾಣಕ್ಕೂ ಹೋಗಿರಲಿಲ್ಲ. ಹಾರ್ಡ್‌ವೇರ್ ವ್ಯಾಲೆಟ್ ಇದ್ದರೆ ಉಳಿಯುತ್ತಿತ್ತೇ ಎಂದರೆ ಅದೂ ಇಲ್ಲ. ಆ ಪೆಟ್ಟಿಗೆ ಕೀಲಿಯನ್ನು ಕಾಪಾಡುತ್ತದೆ, ನೀವು ಒಪ್ಪಿ ಹಾಕಿದ ಸಹಿ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದಿಲ್ಲ. ಅವರನ್ನು ಉಳಿಸಬಹುದಾಗಿದ್ದ ಒಂದೇ ವಿಷಯ, ಮೇಲೆದ್ದು ಬಂದ ಆ ಹೆಚ್ಚುವರಿ ಕೋರಿಕೆಯಲ್ಲಿ spender ಯಾರು ಎಂದು ನೋಡುವುದು. ಹಣ ವಾಪಸ್ ತೆಗೆಯುವಾಗ ಹೊಸ ಅನುಮತಿ ಯಾಕೆ ಬೇಕು ಎಂದು ಕೇಳಿಕೊಂಡಿದ್ದರೂ ಸಾಕಿತ್ತು. ಹೀಗೆಂದು ನಾವು ಸುಲಭವಾಗಿ ಬರೆದುಬಿಡಬಹುದು. ದಿನಾಲೂ ಬಳಸುವ ತಾಣದಲ್ಲಿ ಅಷ್ಟು ಎಚ್ಚರ ಇಟ್ಟುಕೊಳ್ಳುವುದು ಕಷ್ಟ ಎಂಬುದೂ ನಿಜ. ಅದಕ್ಕೇ ದೊಡ್ಡ ಮೊತ್ತವನ್ನು ಯಾವ ತಾಣಕ್ಕೂ ಕನೆಕ್ಟ್ ಮಾಡದ ಬೇರೊಂದು ವಿಳಾಸದಲ್ಲಿ ಇಟ್ಟು, ಬಳಕೆಗೆ ಬೇಕಾದಷ್ಟನ್ನು ಮಾತ್ರ ಇನ್ನೊಂದರಲ್ಲಿ ಇಡುವವರು ಹೆಚ್ಚಿದ್ದಾರೆ. ಅನುಮತಿ ಒಂದು ವಿಳಾಸಕ್ಕೆ ಅಂಟಿಕೊಂಡಿರುತ್ತದೆ, ಆ ವಿಳಾಸದಲ್ಲಿ ಇಲ್ಲದ್ದನ್ನು ಯಾರೂ ಎಳೆಯಲಾರರು.

ಡಿಸ್ಕನೆಕ್ಟ್ ಮಾಡಿದರೆ ಸಾಕಲ್ಲವೇ?

ಸಾಲದು. ಇದು ಎರಡನೇ ದೊಡ್ಡ ತಪ್ಪು ತಿಳಿವಳಿಕೆ. ತಾಣದಿಂದ ವ್ಯಾಲೆಟ್ ಡಿಸ್ಕನೆಕ್ಟ್ ಮಾಡಿದರೆ ಆ ತಾಣಕ್ಕೆ ನಿಮ್ಮ ವಿಳಾಸ ಕಾಣುವುದು ನಿಲ್ಲುತ್ತದೆ, ಅಷ್ಟೇ. ಅನುಮತಿ ಬರೆದಿರುವುದು ಟೋಕನ್ನಿನ ಪುಸ್ತಕದಲ್ಲಿ, ಅದು ಹಾಗೇ ಇರುತ್ತದೆ. ವ್ಯಾಲೆಟ್ ಪಾಸ್‌ವರ್ಡ್ ಬದಲಿಸಿದರೂ, ಆ್ಯಪ್ ತೆಗೆದು ಮತ್ತೆ ಹಾಕಿದರೂ, ಅದೇ ಸೀಕ್ರೆಟ್ ಫ್ರೇಸನ್ನು ಬೇರೆ ಕಂಪನಿಯ ಆ್ಯಪ್‌ಗೆ ಹಾಕಿಕೊಂಡರೂ ಏನೂ ಬದಲಾಗುವುದಿಲ್ಲ. ವಿಳಾಸ ಅದೇ ತಾನೇ?

ಇದರಿಂದ ಆಗುವ ಒಂದು ವಿಚಿತ್ರ ಅನಾಹುತವಿದೆ. ಒಬ್ಬರು ವ್ಯಾಲೆಟ್ ಖಾಲಿ ಇದ್ದಾಗ "ಕಳೆದುಕೊಳ್ಳಲು ಏನಿದೆ" ಎಂದು ಯಾವುದೋ ತಾಣಕ್ಕೆ ಯುಎಸ್‌ಡಿಟಿಯ ಅಪರಿಮಿತ ಅನುಮತಿ ಕೊಟ್ಟಿರುತ್ತಾರೆ. ಏನೂ ಆಗುವುದಿಲ್ಲ, ಮರೆತೂಬಿಡುತ್ತಾರೆ. ಎಂಟು ತಿಂಗಳ ಮೇಲೆ ಆ ವಿಳಾಸಕ್ಕೆ ಹಣ ಬರುತ್ತದೆ. ಕಳ್ಳನ ಪ್ರೋಗ್ರಾಂ ಆ ವಿಳಾಸದ ಮೇಲೆ ಕಣ್ಣಿಟ್ಟು ಕಾಯುತ್ತಲೇ ಇತ್ತು, ನಿಮಿಷದೊಳಗೆ ಎಳೆದುಕೊಳ್ಳುತ್ತದೆ. ಇವರು ಆ ದಿನ ಏನನ್ನೂ ಒತ್ತಿರುವುದಿಲ್ಲ. ಹಾಗಾಗಿ ವ್ಯಾಲೆಟ್ ಆ್ಯಪ್ಪೇ ಹ್ಯಾಕ್ ಆಗಿದೆ ಎಂದು ತಿಳಿಯುತ್ತಾರೆ.

ನಿಜವಾಗಿ ಏನಾಯಿತು ಎಂದು ಕಂಡುಹಿಡಿಯಬಹುದು. etherscan.io ತಾಣದಲ್ಲಿ ನಿಮ್ಮ ವಿಳಾಸ ಹಾಕಿ ಟೋಕನ್ ಹೋದ ವ್ಯವಹಾರವನ್ನು ತೆರೆಯಿರಿ. ಟೋಕನ್ ಹೊರಟದ್ದು ನಿಮ್ಮ ವಿಳಾಸದಿಂದಲೇ, ಆದರೆ ಇಡೀ ವ್ಯವಹಾರವನ್ನು ಕಳಿಸಿದವರು ಎಂಬ From ಸಾಲಿನಲ್ಲಿ ಬೇರೆಯವರ ವಿಳಾಸವಿದೆ ಎಂದಾದರೆ ಅದು ಅನುಮತಿಯ ಮೂಲಕ ನಡೆದ ಕಳವು. From ಸಾಲಿನಲ್ಲೂ ನಿಮ್ಮದೇ ವಿಳಾಸವಿದ್ದು, ಆ ವ್ಯವಹಾರವನ್ನು ನೀವು ಮಾಡಿಲ್ಲ ಎಂದಾದರೆ ಸೀಕ್ರೆಟ್ ಫ್ರೇಸೇ ಸೋರಿದೆ ಎಂದರ್ಥ. ಇನ್ನೊಂದು ಸುಳಿವು ಈಥರ್. ಈಥರ್ ಇಆರ್‌ಸಿ-20 ಟೋಕನ್ ಅಲ್ಲ, ಅದಕ್ಕೆ ಅಪ್ರೂವಲ್ ಎಂಬುದು ಇಲ್ಲ. ಟೋಕನ್ ಹೋಗಿ ಈಥರ್ ಉಳಿದಿದ್ದರೆ ಸಾಮಾನ್ಯವಾಗಿ ಅನುಮತಿಯ ಕೆಲಸ. ಈಥರ್ ಕೂಡ ಹೋಗಿದ್ದರೆ ಒಂದೋ ಫ್ರೇಸ್ ಸೋರಿದೆ, ಇಲ್ಲವೇ "ಕ್ಲೇಮ್" ಎಂಬ ಹೆಸರಿನಲ್ಲಿ ಈಥರ್ ಕಳಿಸುವ ವ್ಯವಹಾರಕ್ಕೇ ನೀವು ಒಪ್ಪಿಗೆ ಕೊಟ್ಟಿದ್ದೀರಿ.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ ಪರಿಹಾರ ಬೇರೆ ಬೇರೆ. ಅನುಮತಿಯ ಕಳವಾದರೆ ಅನುಮತಿ ತೆಗೆದು ಅದೇ ವಿಳಾಸ ಬಳಸಬಹುದು. ಫ್ರೇಸ್ ಸೋರಿದ್ದರೆ ಅನುಮತಿ ತೆಗೆಯುವುದು ವ್ಯರ್ಥ, ಆ ವಿಳಾಸವನ್ನೇ ಬಿಟ್ಟು ಹೊಸ ಫ್ರೇಸ್‌ನ ಹೊಸ ವ್ಯಾಲೆಟ್ ಮಾಡಿಕೊಳ್ಳಬೇಕು.

ಕೊಟ್ಟ ಅನುಮತಿಯನ್ನು ನೋಡುವುದು, ತೆಗೆಯುವುದು

etherscan.io ತಾಣದಲ್ಲಿ Token Approvals ಎಂಬ ಪುಟವಿದೆ. revoke.cash ಎಂಬ ತಾಣವೂ ಇದೇ ಕೆಲಸಕ್ಕೆಂದೇ ಇದೆ. ವ್ಯಾಲೆಟ್ ಕನೆಕ್ಟ್ ಮಾಡದೆ ಬರೀ ನಿಮ್ಮ ವಿಳಾಸ ಅಂಟಿಸಿದರೂ ಪಟ್ಟಿ ಕಾಣುತ್ತದೆ. ಯಾವ ಟೋಕನ್, ಯಾವ spender, ಎಷ್ಟು ಮೊತ್ತ, ಯಾವ ದಿನ ಕೊಟ್ಟದ್ದು ಎಂಬ ವಿವರ ಇರುತ್ತದೆ. ಮೊದಲ ಸಲ ನೋಡಿದವರಿಗೆ ಎರಡು ವರ್ಷದ ಹಿಂದೆ ಬಳಸಿ ಬಿಟ್ಟ ತಾಣಗಳ Unlimited ಅನುಮತಿಗಳು ಸಾಲುಸಾಲಾಗಿ ಕಂಡು ಆಶ್ಚರ್ಯವಾಗುತ್ತದೆ. ನೀವು ಬಳಸುವ ಒಂದೊಂದು ಬ್ಲಾಕ್‌ಚೈನಿಗೂ ಪಟ್ಟಿ ಬೇರೆ ಎಂಬುದು ನೆನಪಿರಲಿ. ಎಥೀರಿಯಂನಲ್ಲಿ ತೆಗೆದರೆ ಪಾಲಿಗಾನ್‌ನಲ್ಲಿ ಹೋಗುವುದಿಲ್ಲ.

ತೆಗೆಯುವುದು ಎಂದರೆ ಮತ್ತೇನಲ್ಲ, ಅದೇ approve ಆದೇಶವನ್ನು ಮೊತ್ತ ಸೊನ್ನೆ ಎಂದು ಮತ್ತೆ ಕಳಿಸುವುದು. ಅದಕ್ಕೆ ವ್ಯಾಲೆಟ್ ಕನೆಕ್ಟ್ ಮಾಡಬೇಕು, ಪ್ರತಿ ಅನುಮತಿಗೂ ಗ್ಯಾಸ್ ಶುಲ್ಕ ಬೀಳುತ್ತದೆ. ಎಲ್ಲವನ್ನೂ ತೆಗೆಯುವ ಹಣ ಇಲ್ಲದಿದ್ದರೆ ಬೆಲೆಬಾಳುವ ಟೋಕನ್, ಅಪರಿಮಿತ ಮೊತ್ತ, ಗುರುತು ಸಿಗದ spender, ಈ ಮೂರೂ ಸೇರಿರುವುದನ್ನು ಮೊದಲು ತೆಗೆಯಿರಿ. ಎನ್‌ಎಫ್‌ಟಿ ಇಟ್ಟುಕೊಂಡವರು setApprovalForAll ಎಂಬುದನ್ನು ಹುಡುಕಬೇಕು. ಅದು ಆ ಸಂಗ್ರಹದ ನಿಮ್ಮ ಎಲ್ಲ ಎನ್‌ಎಫ್‌ಟಿಗಳ ಮೇಲೂ ಕೊಟ್ಟ ಅನುಮತಿ.

ಈ ಪಟ್ಟಿಗೂ ಒಂದು ಮಿತಿ ಇದೆ. ರೇಖಾ ಹಾಕಿದಂಥ ಪರ್ಮಿಟ್ ಸಹಿ ಕಳ್ಳನ ಕೈಯಲ್ಲೇ ಇರುವವರೆಗೆ ಬ್ಲಾಕ್‌ಚೈನಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಅವನು ಬಳಸಿದ ಮೇಲೇ ಅದು ಪಟ್ಟಿಗೆ ಬರುವುದು, ಅಷ್ಟರಲ್ಲಿ ಟೋಕನ್ ಹೋಗಿರುತ್ತದೆ. ಆದ್ದರಿಂದ ಅನುಮಾನದ ಸಹಿ ಹಾಕಿದ್ದೇನೆ ಎಂದು ಅನಿಸಿದ ಕೂಡಲೇ, ಟೋಕನ್ ಇನ್ನೂ ಉಳಿದಿದ್ದರೆ, ಪಟ್ಟಿ ನೋಡುತ್ತ ಕೂರಬೇಡಿ. ಅದನ್ನು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿಬಿಡಿ. ಅದೇ ಆ್ಯಪ್‌ನೊಳಗೆ ಹೊಸ ಅಕೌಂಟ್ ತೆರೆದರೂ ಆದೀತು, ಅದರ ವಿಳಾಸ ಬೇರೆಯೇ. ಹಳೆಯ ವಿಳಾಸದಲ್ಲಿ ಟೋಕನ್ ಇಲ್ಲವೆಂದರೆ ಸಹಿಗೆ ಹಿಡಿಯಲು ಏನೂ ಸಿಗದು.

ಮುಂದೆ ಹೊಸ ಅನುಮತಿ ಕೊಡುವಾಗ ವ್ಯಾಲೆಟ್ ತೋರಿಸುವ Spending cap ಎಂಬ ಅಂಕಣವನ್ನು ತಿದ್ದಬಹುದು. 50 ಯುಎಸ್‌ಡಿಟಿ ಬದಲಾಯಿಸಬೇಕಿದ್ದರೆ ಅಲ್ಲಿ 50 ಎಂದೇ ಹಾಕಿ. ಕೆಲಸ ಮುಗಿದ ಮೇಲೆ ಆ ಅನುಮತಿ ತಾನೇ ಬರಿದಾಗುತ್ತದೆ. ಮುಂದಿನ ಸಲ ಮತ್ತೊಮ್ಮೆ ಗ್ಯಾಸ್ ಕಟ್ಟಬೇಕಾಗುತ್ತದೆ ಎಂಬುದು ಇದರ ಬೆಲೆ.

ಹೋದದ್ದು ವಾಪಸ್ ಬರುತ್ತದೆಯೇ?

ಬ್ಲಾಕ್‌ಚೈನಿನಲ್ಲಿ ನಡೆದ ವ್ಯವಹಾರವನ್ನು ರದ್ದು ಮಾಡುವ ಗುಂಡಿ ಯಾರ ಬಳಿಯೂ ಇಲ್ಲ. ಪುಸ್ತಕದ ದೃಷ್ಟಿಯಲ್ಲಿ ಅದು ಕಳವೇ ಅಲ್ಲ, ಸಹಿ ಸರಿಯಾಗಿತ್ತು. ಒಂದು ಸಣ್ಣ ಅವಕಾಶವೆಂದರೆ, ಯುಎಸ್‌ಡಿಟಿ ಮತ್ತು ಯುಎಸ್‌ಡಿಸಿ ಹೊರಡಿಸುವ ಟೆದರ್ ಮತ್ತು ಸರ್ಕಲ್ ಕಂಪನಿಗಳಿಗೆ ಯಾವುದೇ ವಿಳಾಸವನ್ನು ತಡೆಹಿಡಿಯುವ ಅಧಿಕಾರ ಇದೆ. ಆದರೆ ಅವು ಸಾಮಾನ್ಯವಾಗಿ ಕೇಳುವುದು ಪೊಲೀಸರ ಅಥವಾ ಕೋರ್ಟಿನ ಮಾತನ್ನು. ಇದು ಗೊತ್ತಿರುವುದರಿಂದಲೇ ಕಳ್ಳರು ಕದ್ದ ಕೂಡಲೇ ಅದನ್ನು ಈಥರ್‌ಗೆ ಬದಲಿಸಿಕೊಳ್ಳುತ್ತಾರೆ.

ಹಾಗಿದ್ದರೂ ದೂರು ಕೊಡಿ. 1930 ಸಹಾಯವಾಣಿಗೆ ಕರೆ ಮಾಡಿ, cybercrime.gov.in ತಾಣದಲ್ಲಿ ದಾಖಲಿಸಿ. ದೂರಿನಲ್ಲಿ ವ್ಯಾಲೆಟ್‌ನ ಸ್ಕ್ರೀನ್‌ಶಾಟ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ವ್ಯವಹಾರದ ಹ್ಯಾಶ್, ಅಂದರೆ 0x ಎಂದು ಶುರುವಾಗುವ ಆ ಉದ್ದನೆಯ ಸಂಖ್ಯೆ, ಜೊತೆಗೆ ಟೋಕನ್ ಹೋಗಿ ಸೇರಿದ ವಿಳಾಸ ಮತ್ತು ಲಿಂಕ್ ಬಂದ ಸಂದೇಶ. ಕದ್ದ ಹಣ ಯಾವುದಾದರೂ ನೋಂದಾಯಿತ ಎಕ್ಸ್‌ಚೇಂಜಿಗೆ ಬಂದರೆ ಅದರ ಜಾಡು ಹಿಡಿಯಲು ಬೇಕಾಗುವುದು ಇವೇ.

ನಷ್ಟವಾಯಿತು ಎಂದು ಯಾವುದಾದರೂ ಗುಂಪಿನಲ್ಲಿ ಬರೆದರೆ ಸ್ವಲ್ಪ ಹೊತ್ತಿನಲ್ಲೇ "ನಾವು ವಾಪಸ್ ತರಿಸಿಕೊಡುತ್ತೇವೆ" ಎನ್ನುವವರು ಖಾಸಗಿ ಸಂದೇಶ ಕಳಿಸುತ್ತಾರೆ. ಮುಂಗಡ ಶುಲ್ಕ ಕೇಳುತ್ತಾರೆ, ಇಲ್ಲವೇ "ಪರಿಶೀಲನೆಗೆ" ಒಂದು ತಾಣದಲ್ಲಿ ವ್ಯಾಲೆಟ್ ಕನೆಕ್ಟ್ ಮಾಡಿಸುತ್ತಾರೆ. ಹಾಗೆಯೇ "ನಿಮ್ಮ ವ್ಯಾಲೆಟ್ ಅಪಾಯದಲ್ಲಿದೆ, ಇಲ್ಲಿ ಒತ್ತಿ ಅನುಮತಿ ತೆಗೆಯಿರಿ" ಎಂಬ ಫಾರ್ವರ್ಡ್‌ಗಳೂ ಇವೆ. ಲಿಂಕ್ ತೆರೆದರೆ ಅನುಮತಿ ತೆಗೆಯುವ ತಾಣದ ನಕಲು, ಅಲ್ಲಿನ ಗುಂಡಿ ಒತ್ತಿದರೆ ಮೇಲೆದ್ದು ಬರುವುದು ಹೊಸದೊಂದು ಪರ್ಮಿಟ್. ನಿಜವಾಗಿ ಅನುಮತಿ ತೆಗೆಯುವ ಕೋರಿಕೆಯಲ್ಲಿ ಮೊತ್ತ ಸೊನ್ನೆ ಇರುತ್ತದೆ, ಗ್ಯಾಸ್ ಶುಲ್ಕವನ್ನು ನೀವೇ ಕಟ್ಟಬೇಕಾಗುತ್ತದೆ. ಈ ಲೇಖನವನ್ನು ಯಾರಿಗಾದರೂ ಕಳಿಸುವಾಗಲೂ, ಮೇಲೆ ಹೇಳಿದ ಎರಡು ತಾಣಗಳ ವಿಳಾಸವನ್ನು ಅವರೇ ಬ್ರೌಸರಿನಲ್ಲಿ ಟೈಪ್ ಮಾಡಲಿ ಎಂದು ನಾವು ಬೇಕೆಂದೇ ಲಿಂಕ್ ಕೊಟ್ಟಿಲ್ಲ.